ಸುದ್ದಿಯಲ್ಲಿ ಮೊದಲು ಮಾತಾಡಿದ್ದು ಯಾರು? ಪತ್ರಿಕೆಗಳ ವಿಷಯ ವಿಶ್ಲೇಷಣೆಗೆ ಕೋಡಿಂಗ್ ಚೌಕಟ್ಟು ಕಟ್ಟುವ ಬಗೆ

ಎಂ.ಎ. ಓದುವಾಗ ಬೆಂಗಳೂರಿನ ಕಸದ ಸುದ್ದಿಗಳ ಮೇಲೆ ನಾನೂ ನನ್ನ ಗೆಳತಿಯೂ ಒಂದು ವಿಷಯ ವಿಶ್ಲೇಷಣೆ, ಅಂದರೆ ಸುದ್ದಿಗಳನ್ನು ನಿಯಮದ ಪ್ರಕಾರ ವಿಂಗಡಿಸಿ ಎಣಿಸುವ ಕೆಲಸ, ಶುರು ಮಾಡಿದ್ದೆವು. ಸುದ್ದಿಯ ಧಾಟಿ ಹೇಗಿದೆ ಅಂತ ಒಂದು ಕಾಲಂ ಇಟ್ಟಿದ್ದೆವು: ಒಳ್ಳೆಯದು, ಕೆಟ್ಟದ್ದು, ತಟಸ್ಥ. ಮೂರು ವಾರ ಕೂತು ಕೋಡ್ ಮಾಡಿದೆವು. ಕೊನೆಗೆ ಇಬ್ಬರ ಹಾಳೆಗಳನ್ನೂ ಪಕ್ಕಪಕ್ಕ ಇಟ್ಟರೆ ಅರ್ಧಕ್ಕರ್ಧ ಹೊಂದಲೇ ಇಲ್ಲ. ರಸ್ತೆಯಲ್ಲಿ ಕಸ ಹಾಕಿದವರಿಗೆ ದಂಡ ಎಂಬ ಸುದ್ದಿಗೆ ನಾನು 'ಒಳ್ಳೆಯದು' ಅಂತ ಬರೆದಿದ್ದೆ. ಅವಳು 'ಕೆಟ್ಟದ್ದು' ಅಂತ ಬರೆದಿದ್ದಳು. "ಯಾರಿಗೆ ಒಳ್ಳೆಯದು?" ಅಂತ ಅವಳು ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ, ಯಾಕೆಂದರೆ ವಿಂಗಡಿಸುವ ನಿಯಮಗಳನ್ನು ಬರೆದಿಟ್ಟ ನಮ್ಮ ಕೋಡ್‌ಬುಕ್ಕಿನಲ್ಲೇ ಅದಕ್ಕೆ ಉತ್ತರ ಇರಲಿಲ್ಲ. ಆ ಮೂರು ವಾರದ ಕೆಲಸವನ್ನು ಪೂರ್ತಿ ಬಿಡಬೇಕಾಯಿತು.

ಅದಕ್ಕೇ ಈ ಬರಹದಲ್ಲಿ ಧಾಟಿ, ಪಕ್ಷಪಾತ, ಒಲವು ಯಾವುದನ್ನೂ ಅಳೆಯಲು ಹೋಗುವುದಿಲ್ಲ. ಕಣ್ಣಿಗೆ ಕಾಣುವ ಒಂದೇ ಸಂಗತಿ ತೆಗೆದುಕೊಳ್ಳೋಣ: ಸುದ್ದಿಯಲ್ಲಿ ಯಾರ ಮಾತು ಬಂದಿದೆ, ಅವರ ಹೆಸರು ಬಂದಿದೆಯೇ. ಅಸೈನ್‌ಮೆಂಟಿಗೆ ಇಷ್ಟು ಸಾಕು. ಮಾಡಲು ಕೂತರೆ ಇದೇ ಜಾಸ್ತಿ ಅನಿಸುತ್ತದೆ.

ಪ್ರಶ್ನೆ ಮತ್ತು ದಿನಗಳು

ಉದಾಹರಣೆಗೆ 2024ರ ಮಾರ್ಚ್‌ನ ಬೆಂಗಳೂರು ನೀರಿನ ಅಭಾವ ತೆಗೆದುಕೊಳ್ಳಿ. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. ಕಾವೇರಿ ನೀರು ಸರಿಯಾಗಿ ತಲುಪದ ಹೊರವಲಯದ ಬಡಾವಣೆಗಳಲ್ಲಿ ಕೊಳವೆಬಾವಿಗಳು ಬತ್ತಿದ್ದವು. ಸದಾಶಿವನಗರದ ತಮ್ಮ ಮನೆಯ ಬೋರ್‌ವೆಲ್ ಕೂಡ ಬತ್ತಿದೆ ಎಂದು ಉಪ ಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಹೇಳಿದ್ದರು. ಜಿಲ್ಲಾಡಳಿತ ಖಾಸಗಿ ಟ್ಯಾಂಕರ್‌ಗಳಿಗೆ ದರ ಕಟ್ಟಿತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ತೋಟಕ್ಕೆ ಬಿಟ್ಟರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತು. ಮಾರ್ಚ್ 16ಕ್ಕೆ ಲೋಕಸಭೆ ಚುನಾವಣೆಯ ವೇಳಾಪಟ್ಟಿ ಪ್ರಕಟವಾಯಿತು.

"ಪತ್ರಿಕೆಗಳು ನೀರಿನ ಸಮಸ್ಯೆ ಬಗ್ಗೆ ಹೇಗೆ ಬರೆದವು" ಎಂಬುದು ಪ್ರಶ್ನೆ ಅಲ್ಲ, ಅದು ವಿಷಯದ ಹೆಸರು. ಎಣಿಸಿ ಉತ್ತರ ಕೊಡಲು ಆಗುವಂತೆ ಕೇಳಬೇಕು. ಹೀಗೆ: ಎರಡು ಕನ್ನಡ ದಿನಪತ್ರಿಕೆಗಳ ಬೆಂಗಳೂರು ಆವೃತ್ತಿಯಲ್ಲಿ ನೀರಿನ ಅಭಾವದ ಸುದ್ದಿಗಳಲ್ಲಿ ಮೊದಲ ಮಾತು ಯಾರದು? ಚುನಾವಣಾ ವೇಳಾಪಟ್ಟಿ ಬಂದ ಮೇಲೆ ಅದು ಬದಲಾಯಿತೇ? ಎರಡನೆಯ ಭಾಗಕ್ಕೆ ಕಾರಣ ಇದೆ. ನೀತಿಸಂಹಿತೆ ಜಾರಿಯಾದರೆ ಸಚಿವರು ಹೊಸ ಯೋಜನೆ ಘೋಷಿಸುವಂತಿಲ್ಲ. ಆಗ ಸುದ್ದಿಯಲ್ಲಿ ಅವರ ಜಾಗಕ್ಕೆ ಯಾರು ಬರುತ್ತಾರೆ ಎಂಬುದು ನೋಡಬೇಕಾದ ಸಂಗತಿ.

ಈಗ ಕ್ಯಾಲೆಂಡರ್ ತೆಗೆಯಿರಿ. 2024ರ ಮಾರ್ಚ್ 3 ಭಾನುವಾರ, 16 ಶನಿವಾರ. ಅಂದರೆ ಸರಿಯಾಗಿ ಎರಡು ವಾರ. 17 ಭಾನುವಾರ, 30 ಶನಿವಾರ. ಮತ್ತೆ ಎರಡು ವಾರ. 16ರ ಘೋಷಣೆ ಪತ್ರಿಕೆಯಲ್ಲಿ ಬರುವುದು 17ಕ್ಕೆ. ಹಾಗಾಗಿ ಗೆರೆ ಎಳೆಯಬೇಕಾದ್ದು 16 ಮತ್ತು 17ರ ನಡುವೆ. ಘಟನೆಯ ದಿನ ಬೇರೆ, ಅಚ್ಚಿನ ದಿನ ಬೇರೆ ಎಂಬುದನ್ನು ಮರೆತು ಗೆರೆ ತಪ್ಪಾಗಿ ಎಳೆಯುವವರನ್ನು ಪ್ರತಿ ವರ್ಷ ನೋಡುತ್ತೇನೆ.

ಇಬ್ಬರು ಸೇರಿ ಮಾಡುತ್ತಿದ್ದರೆ 28 ದಿನವನ್ನೂ ಓದಿಬಿಡಿ. ಎರಡು ಪತ್ರಿಕೆಗೆ 56 ಸಂಚಿಕೆ ಆಗುತ್ತದೆ. ಸಮಯ ಇಲ್ಲದಿದ್ದರೆ 'ಕಟ್ಟಿದ ವಾರ' ಮಾಡಿಕೊಳ್ಳಿ. ಮೊದಲ ಅರ್ಧದಲ್ಲಿ ಎರಡು ಸೋಮವಾರ ಇವೆ, 4 ಮತ್ತು 11. ನಾಣ್ಯ ಚಿಮ್ಮಿ ಒಂದನ್ನು ಆರಿಸಿ. ಭಾನುವಾರದಿಂದ ಶನಿವಾರದವರೆಗೆ ಏಳೂ ದಿನಕ್ಕೆ ಹೀಗೇ ಮಾಡಿ. ಎರಡನೇ ಅರ್ಧಕ್ಕೂ ಅದನ್ನೇ ಮಾಡಿ. ಒಟ್ಟು 14 ದಿನ, 28 ಸಂಚಿಕೆ ಸಿಗುತ್ತದೆ. ಸುಮ್ನೆ ಒಂದು ವಾರ ಪೂರ್ತಿ ತೆಗೆದುಕೊಂಡರೆ ಆ ವಾರದ ಒಂದೇ ದೊಡ್ಡ ಘಟನೆ ಇಡೀ ಲೆಕ್ಕವನ್ನು ಎಳೆದುಕೊಂಡು ಹೋಗುತ್ತದೆ. ಭಾನುವಾರದ ಪುಟಗಳೇ ಬೇರೆ, ಸೋಮವಾರದ ಪುಟಗಳೇ ಬೇರೆ. ಅದಕ್ಕೇ ಪ್ರತಿ ಅರ್ಧದಲ್ಲೂ ವಾರದ ಏಳೂ ದಿನ ಬರಬೇಕು. ನಾಣ್ಯ ಚಿಮ್ಮಿದ ಮೇಲೆ "ದಂಡದ ಸುದ್ದಿ ಬಂದ ದಿನ ತಪ್ಪಿಹೋಯ್ತಲ್ಲ" ಅಂತ ಅದನ್ನು ಕೈಯಿಂದ ಸೇರಿಸಬೇಡಿ. ಸೇರಿಸಿದರೆ ನೀವು ಆರಿಸಿದ್ದು ಮಾದರಿ ಅಲ್ಲ, ನಿಮಗೆ ಇಷ್ಟವಾದ ದಿನಗಳು.

ಯಾವುದು ಒಂದು ಸುದ್ದಿ?

ಎಣಿಸುವ ಮೊದಲು ಎಣಿಸುವ ಘಟಕ ಗೊತ್ತಿರಬೇಕು. ನಮ್ಮ ಪತ್ರಿಕೆಗಳ ಪುಟದಲ್ಲಿ ಒಂದು ದೊಡ್ಡ ಸುದ್ದಿ, ಅದರೊಳಗೆ ಎರಡು ಬಾಕ್ಸ್, ಪಕ್ಕದಲ್ಲಿ ಫೋಟೊ ಮತ್ತು ಅಡಿಬರಹ, ಕೆಳಗೆ 'ಪುಟ 6ಕ್ಕೆ' ಇರುತ್ತದೆ. ನಾನು ಪಾಲಿಸುವ ನಿಯಮ ಇಷ್ಟೇ: ಸ್ವಂತ ಶೀರ್ಷಿಕೆ ಇರುವುದೆಲ್ಲ ಒಂದೊಂದು ಘಟಕ. ಶೀರ್ಷಿಕೆ ಇರುವ ಬಾಕ್ಸ್ ಬೇರೆ ಘಟಕ. ಶೀರ್ಷಿಕೆ ಇಲ್ಲದ ಬಾಕ್ಸ್ ಮುಖ್ಯ ಸುದ್ದಿಗೇ ಸೇರುತ್ತದೆ. ಮುಖಪುಟದಿಂದ ಒಳಪುಟಕ್ಕೆ ಹೋದ ಸುದ್ದಿ ಎರಡಲ್ಲ, ಒಂದೇ. ನಗರದ ಪುರವಣಿ ಸೇರಿಸುತ್ತೀರೋ ಬಿಡುತ್ತೀರೋ ನಿಮ್ಮಿಷ್ಟ. ಆದರೆ ಎರಡೂ ಪತ್ರಿಕೆಗೆ ಒಂದೇ ನಿಯಮ ಇರಲಿ.

ಒಳಗೆ ಬರುವುದಕ್ಕೂ ನಿಯಮ ಬೇಕು. ಶೀರ್ಷಿಕೆಯಲ್ಲಾಗಲಿ ಮೊದಲ ಎರಡು ಪ್ಯಾರಾದಲ್ಲಾಗಲಿ ಬೆಂಗಳೂರು ನಗರದ ನೀರಿನ ಅಭಾವ ಅಥವಾ ಪೂರೈಕೆಯ ಮಾತು ಬಂದಿರಬೇಕು. ತಮಿಳುನಾಡಿಗೆ ನೀರು ಬಿಡುವ ವಿವಾದ ಹೊರಗೆ. ಮೇಕೆದಾಟು ಸುದ್ದಿ ಬೆಂಗಳೂರಿನ ಕುಡಿಯುವ ನೀರಿನ ಮಾತಾಡಿದರೆ ಒಳಗೆ, ಇಲ್ಲದಿದ್ದರೆ ಹೊರಗೆ. ಜಾಹೀರಾತು ಹೊರಗೆ. ಸಂಪಾದಕೀಯ ಮತ್ತು ಓದುಗರ ಪತ್ರಗಳೂ ಹೊರಗೆ, ಯಾಕೆಂದರೆ ಅಲ್ಲಿ ಯಾರು ಮಾತಾಡುತ್ತಿದ್ದಾರೆ ಅಂತ ಮೊದಲೇ ಗೊತ್ತು.

ಹುಡುಕುವುದಕ್ಕೆ ಸರ್ಚ್ ನಂಬಬೇಡಿ. ಇ-ಪೇಪರಿನ ಪುಟ ಎಷ್ಟೋ ಸಲ ಬರೀ ಚಿತ್ರ. ಅಕ್ಷರ ಇದ್ದರೂ ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಇರಬಹುದು. ಅದೂ ಸರಿಯಿದ್ದರೆ 'ನೀರು' ಅಂತ ಹುಡುಕಿದಾಗ 'ನೀರಿಗೆ', 'ನೀರಿಲ್ಲದೆ' ತಪ್ಪಿಹೋಗುತ್ತವೆ. 'ಜಲಕ್ಷಾಮ', 'ಟ್ಯಾಂಕರ್ ಹಾವಳಿ', 'ಖಾಲಿ ಕೊಡ' ಎಂಬ ಶೀರ್ಷಿಕೆಯಲ್ಲಿ ಆ ಪದವೇ ಇರುವುದಿಲ್ಲ. ಪುಟ ಪುಟ ಕಣ್ಣಲ್ಲೇ ಓದಿ. ಸಿಕ್ಕಿದ್ದನ್ನು ಕತ್ತರಿಸಿ, ದಿನಾಂಕ ಮತ್ತು ಪುಟ ಕಾಣುವಂತೆ ಹೆಸರಿಟ್ಟು ಉಳಿಸಿ. ಇ-ಪೇಪರಿನಲ್ಲಿ ಹಳೆಯ ಸಂಚಿಕೆ ತೆರೆಯದಿದ್ದರೆ ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯದಲ್ಲಿ ಕೇಳಿ ನೋಡಿ.

ಚೌಕಟ್ಟು

ಮೂಲ ಅಂದರೆ ಯಾರು? ಸುದ್ದಿಯಲ್ಲಿ ಹೆಸರು ಬಂದವರೆಲ್ಲ ಮೂಲ ಅಲ್ಲ. ಹೇಳಿದರು, ತಿಳಿಸಿದರು, ಆರೋಪಿಸಿದರು, ದೂರಿದರು, ಆಗ್ರಹಿಸಿದರು ಎಂಬಂಥ ಮಾತಿನ ಕ್ರಿಯಾಪದಕ್ಕೆ ಕರ್ತೃ ಆಗಿರುವವರು ಮಾತ್ರ ಮೂಲ. "ಜಿಲ್ಲಾಡಳಿತ ದರ ನಿಗದಿ ಮಾಡಿದೆ" ಎಂಬ ವಾಕ್ಯದಲ್ಲಿ ಜಿಲ್ಲಾಡಳಿತ ಕೆಲಸ ಮಾಡಿದೆ, ಮಾತಾಡಿಲ್ಲ. ಅದು ಮೂಲ ಅಲ್ಲ. ಈ ಒಂದು ನಿಯಮವೇ ಅರ್ಧ ಜಗಳ ತಪ್ಪಿಸುತ್ತದೆ.

ಮೊದಲ ಮೂಲಕ್ಕೆ ಈ ಕೋಡ್‌ಗಳು:

- 1: ಸಚಿವರು, ರಾಜ್ಯದ ಆಡಳಿತ ಪಕ್ಷದವರು
- 2: ರಾಜ್ಯದ ವಿರೋಧ ಪಕ್ಷಗಳವರು
- 3: ಅಧಿಕಾರಿಗಳು (ಜಲಮಂಡಳಿ, ಪಾಲಿಕೆ, ಜಿಲ್ಲಾಡಳಿತ)
- 4: ತಜ್ಞರು
- 5: ನಿವಾಸಿಗಳು
- 6: ನಿವಾಸಿಗಳ ಸಂಘದ ಪದಾಧಿಕಾರಿಗಳು
- 7: ಟ್ಯಾಂಕರ್ ಮಾಲೀಕರು, ಇತರ ವ್ಯಾಪಾರಿಗಳು
- 8: 'ಮೂಲಗಳು ತಿಳಿಸಿವೆ'
- 9: 'ಎನ್ನಲಾಗಿದೆ', 'ಹೇಳಲಾಗುತ್ತಿದೆ'
- 10: ಇತರ
- 0: ಯಾರೂ ಮಾತಾಡಿಲ್ಲ

ಇದರ ಜೊತೆಗೆ ಎರಡು ಕಾಲಂ ಇರಲಿ. ಮೊದಲ ಮೂಲದ ಹೆಸರು ಅಚ್ಚಾಗಿದೆಯೇ? ಸುದ್ದಿಯಲ್ಲಿ ಎಲ್ಲಾದರೂ ನಿವಾಸಿಯ ಅಥವಾ ಸಂಘದವರ ಮಾತು ಇದೆಯೇ? ಎರಡಕ್ಕೂ ಉತ್ತರ 1 ಅಥವಾ 0. ಇನ್ನೂ ಹತ್ತು ಕಾಲಂ ಸೇರಿಸುವ ಆಸೆ ಬರುತ್ತದೆ. ಬೇಡ. ಪ್ರತಿ ಕಾಲಂಗೂ ನಿಯಮ ಬರೆದು, ಪರೀಕ್ಷಿಸಿ, ವರದಿಯಲ್ಲಿ ಸಮರ್ಥಿಸಬೇಕಾಗುತ್ತದೆ.

ಪಟ್ಟಿ ಬರೆಯುವುದು ಹತ್ತು ನಿಮಿಷದ ಕೆಲಸ. ಕೋಡ್‌ಬುಕ್ಕಿನ ಜೀವ ಇರುವುದು ಪಟ್ಟಿಯ ಕೆಳಗೆ ಬರೆಯುವ ನಿಯಮಗಳಲ್ಲಿ.

'ರಾಜ್ಯದ' ಎಂಬ ಪದ ಯಾಕೆ ಬಂತು ನೋಡಿ. ಆಗ ಕೇಂದ್ರದಲ್ಲಿ ಆಡಳಿತ ಬಿಜೆಪಿಯದು, ರಾಜ್ಯದಲ್ಲಿ ಕಾಂಗ್ರೆಸ್ಸಿನದು. ಕೇಂದ್ರ ಸಚಿವರೊಬ್ಬರು ರಾಜ್ಯ ಸರ್ಕಾರವನ್ನು ಟೀಕಿಸಿದರೆ ಒಬ್ಬ ಕೋಡರ್ 1 ಹಾಕುತ್ತಾರೆ, ಇನ್ನೊಬ್ಬರು 2 ಹಾಕುತ್ತಾರೆ. ನಮ್ಮ ನಿಯಮದಲ್ಲಿ ಅದು 2.

ಶಿವಕುಮಾರ್ ಆಗ ಉಪ ಮುಖ್ಯಮಂತ್ರಿ, ಬೆಂಗಳೂರು ಅಭಿವೃದ್ಧಿ ಸಚಿವ, ಕೆಪಿಸಿಸಿ ಅಧ್ಯಕ್ಷ, ಮೂರೂ ಆಗಿದ್ದರು. ತಮ್ಮ ಮನೆಯ ಬೋರ್‌ವೆಲ್ ಬತ್ತಿದೆ ಅಂದಾಗ ಅವರು ನಿವಾಸಿಯಾಗಿ ಮಾತಾಡಿದರೇ? ಮಾತಿನ ವಿಷಯ ನೋಡಿ ಕೋಡ್ ಬದಲಿಸುತ್ತಾ ಹೋದರೆ ಕೊನೆ ಇರುವುದಿಲ್ಲ. ಸುದ್ದಿಯಲ್ಲಿ ಹುದ್ದೆ ಹೇಳಿದ್ದರೆ ಹುದ್ದೆಯೇ ಲೆಕ್ಕ. ಹಾಗಾಗಿ 1.

ಪಾಲಿಕೆಗೆ 2020ರ ಸೆಪ್ಟೆಂಬರ್ ನಂತರ ಚುನಾಯಿತ ಕೌನ್ಸಿಲ್ ಇರಲಿಲ್ಲ. ಹಾಗಾಗಿ ವಾರ್ಡಿನ ಪರವಾಗಿ 'ಮಾಜಿ ಕಾರ್ಪೊರೇಟರ್' ಮಾತಾಡುವುದು ಸಿಗುತ್ತದೆ. ಪಕ್ಷ ಹೇಳಿದ್ದರೆ 1 ಅಥವಾ 2. ಹೇಳದಿದ್ದರೆ 10. ನಿಮಗೆ ಅವರ ಪಕ್ಷ ಗೊತ್ತಿದ್ದರೂ ಅಷ್ಟೇ. ಅಚ್ಚಾದದ್ದನ್ನು ಮಾತ್ರ ಕೋಡ್ ಮಾಡಬೇಕು, ತಲೆಯಲ್ಲಿ ಇರುವುದನ್ನಲ್ಲ.

ನಿವಾಸಿ ಮತ್ತು ಸಂಘದ ಪದಾಧಿಕಾರಿ ಬೇರೆ ಬೇರೆ ಯಾಕೆ ಅಂತ ಕೇಳಬಹುದು. ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಗೆ ಹುದ್ದೆ ಇದೆ, ವರದಿಗಾರರಿಗೆ ಫೋನಿನಲ್ಲಿ ಸಿಗುತ್ತಾರೆ. ಬೀದಿ ನಲ್ಲಿಯ ಮುಂದೆ ಕೊಡ ಹಿಡಿದು ನಿಂತವರಿಗೆ ಅದಿಲ್ಲ. ಇಬ್ಬರನ್ನೂ 'ಜನ' ಅಂತ ಒಂದೇ ಕೋಡ್‌ಗೆ ತುಂಬಿದರೆ ನನಗೆ ಮುಖ್ಯ ಅನಿಸುವ ವ್ಯತ್ಯಾಸವೇ ಮುಚ್ಚಿಹೋಗುತ್ತದೆ. ಬೇಕಾದರೆ ಆಮೇಲೆ ಎರಡನ್ನೂ ಕೂಡಿಸಬಹುದು. ಒಮ್ಮೆ ಕೂಡಿಸಿ ಕೋಡ್ ಮಾಡಿದ್ದನ್ನು ಬೇರೆ ಮಾಡಲು ಆಗುವುದಿಲ್ಲ.

ಇನ್ನು 8 ಮತ್ತು 9. ಬೇರೆ ಭಾಷೆಯ ಮಾದರಿ ಕೋಡ್‌ಬುಕ್ ಇಳಿಸಿಕೊಂಡು ಕೆಲಸ ಮಾಡಿದರೆ ಈ ಭೇದ ಸಿಗಲಿಕ್ಕಿಲ್ಲ. ನಮ್ಮ ವರದಿಗಳಲ್ಲಿ 'ಎನ್ನಲಾಗಿದೆ' ಎಂಬುದು ಪದೇ ಪದೇ ಬರುತ್ತದೆ. 'ಮೂಲಗಳು ತಿಳಿಸಿವೆ' ಅಂದರೆ ಯಾರೋ ಹೇಳಿದ್ದಾರೆ, ಹೆಸರು ಮಾತ್ರ ಇಲ್ಲ. 'ಎನ್ನಲಾಗಿದೆ' ಅಂದರೆ ಹೇಳಿದವರು ವಾಕ್ಯದಲ್ಲೇ ಇಲ್ಲ. ಅದಕ್ಕೇ ಬೇರೆ ಕೋಡ್.

ಒಂದು ಸುದ್ದಿ ಕೋಡ್ ಮಾಡಿ ನೋಡೋಣ

ಅಭ್ಯಾಸಕ್ಕಾಗಿ ನಾನೇ ಬರೆದ ಸುದ್ದಿ ಇದು, ಯಾವ ಪತ್ರಿಕೆಯದ್ದೂ ಅಲ್ಲ:

"ಖಾಸಗಿ ಟ್ಯಾಂಕರ್‌ಗಳಿಗೆ ಜಿಲ್ಲಾಡಳಿತ ದರ ನಿಗದಿ ಮಾಡಿದೆ. ಆದರೆ ಈಗಲೂ ಹೆಚ್ಚು ಹಣ ಕೇಳುತ್ತಿದ್ದಾರೆ ಎಂದು ಸ್ಥಳೀಯರು ದೂರಿದ್ದಾರೆ. ಲಿಖಿತ ದೂರು ಬಂದರೆ ಕ್ರಮ ಕೈಗೊಳ್ಳುತ್ತೇವೆ ಎಂದು ಜಲಮಂಡಳಿಯ ಹಿರಿಯ ಅಧಿಕಾರಿಯೊಬ್ಬರು ತಿಳಿಸಿದರು. ಹಲವು ಮಾಲೀಕರು ನೋಂದಣಿಯನ್ನೇ ಮಾಡಿಸಿಲ್ಲ ಎನ್ನಲಾಗಿದೆ."

ಮೊದಲ ವಾಕ್ಯದಲ್ಲಿ ಮಾತಿಲ್ಲ, ಮುಂದೆ ಹೋಗಿ. ಎರಡನೆಯದರಲ್ಲಿ 'ದೂರಿದ್ದಾರೆ' ಇದೆ, ಕರ್ತೃ 'ಸ್ಥಳೀಯರು'. ಮೊದಲ ಮೂಲ 5, ಹೆಸರು 0, ನಿವಾಸಿಯ ಮಾತು 1. ಅಧಿಕಾರಿಯೊಬ್ಬರು ಎರಡನೇ ಮೂಲ. ನಾವು ಮೊದಲನೆಯದನ್ನು ಮಾತ್ರ ಬರೆಯುತ್ತಿದ್ದೇವೆ, ಹಾಗಾಗಿ ಅವರು ಹಾಳೆಗೆ ಬರುವುದಿಲ್ಲ. ಹಾಳೆಯಲ್ಲಿ ಒಂದು ಸುದ್ದಿಗೆ ಒಂದು ಸಾಲು. src1 ಅಂದರೆ ಮೊದಲ ಮೂಲ, named1 ಅಂದರೆ ಅದರ ಹೆಸರು, res ಅಂದರೆ ನಿವಾಸಿಯ ಮಾತು:

```
id,paper,date,page,src1,named1,res
A-0309-01,A,2024-03-09,3,5,0,1
```

ಇಲ್ಲೊಂದು ತೊಡಕು ಇದೆ. ಶೀರ್ಷಿಕೆ "ದೂರು ಬಂದರೆ ಕ್ರಮ: ಜಲಮಂಡಳಿ" ಅಂತ ಇದ್ದರೆ ಮೊದಲ ಮೂಲ ಯಾರು? ಶೀರ್ಷಿಕೆಯಲ್ಲಿ ಎರಡು ಚುಕ್ಕೆ ಹಾಕಿ ಮಾತಾಡಿದವರನ್ನು ಹೇಳುವುದು ನಮ್ಮಲ್ಲಿ ತುಂಬ ಸಾಮಾನ್ಯ. ಶೀರ್ಷಿಕೆ ಬರೆಯುವುದು ಸಾಮಾನ್ಯವಾಗಿ ಡೆಸ್ಕಿನವರು, ವರದಿಗಾರರಲ್ಲ. ನಾನು ಶೀರ್ಷಿಕೆಯನ್ನು ಬಿಟ್ಟು ಮೊದಲ ಪ್ಯಾರಾದಿಂದ ಓದುತ್ತೇನೆ. ನೀವು ಶೀರ್ಷಿಕೆಯಿಂದಲೇ ಶುರು ಮಾಡಬಹುದು, ತಪ್ಪಿಲ್ಲ. ಬರೆದಿಟ್ಟುಕೊಂಡು, ಕೊನೆಯ ತನಕ ಹಾಗೇ ಮಾಡಬೇಕು ಅಷ್ಟೇ.

ಇಬ್ಬರ ಉತ್ತರ ಹೊಂದುತ್ತದೆಯೇ?

ನಿಜವಾದ ಕೋಡಿಂಗ್ ಶುರು ಮಾಡುವ ಮೊದಲು ಮಾದರಿಯ ಹೊರಗಿನ ಸುದ್ದಿಗಳ ಮೇಲೆ ಅಭ್ಯಾಸ ಮಾಡಿ. ಫೆಬ್ರುವರಿ ಕೊನೆಯ ವಾರದ ಪತ್ರಿಕೆಗಳು ಇದಕ್ಕೆ ಸರಿ. ಇಬ್ಬರೂ ಬೇರೆ ಬೇರೆ ಕೂತು 30 ಸುದ್ದಿ ಕೋಡ್ ಮಾಡಿ. ಮಾಡುವಾಗ ಒಬ್ಬರನ್ನೊಬ್ಬರು ಕೇಳಬೇಡಿ. ಕೇಳಿದರೆ ಪರೀಕ್ಷೆ ಆಗುವುದು ಕೋಡ್‌ಬುಕ್ಕಿನದ್ದಲ್ಲ, ನಿಮ್ಮ ಗೆಳೆತನದ್ದು.

ಎಷ್ಟು ಹೊಂದಿತು ಅಂತ ಶೇಕಡಾವಾರು ನೋಡಿ ಸಮಾಧಾನ ಪಡುವವರೇ ಜಾಸ್ತಿ. ಅದು ಯಾಕೆ ಸಾಲದು ಅಂತ ಲೆಕ್ಕದಲ್ಲೇ ನೋಡೋಣ. ಅಂಕಿಗಳು ನಾನು ಇಟ್ಟುಕೊಂಡವು. ಮೊದಲ ಮೂಲ ಸರ್ಕಾರದ ಕಡೆಯದೇ, ಅಂದರೆ 1 ಅಥವಾ 3 ಆಗಿದೆಯೇ ಎಂಬ ಪ್ರಶ್ನೆಗೆ ಇಬ್ಬರೂ ಹೌದು ಎಂದದ್ದು 15 ಸುದ್ದಿಗೆ, ಇಬ್ಬರೂ ಇಲ್ಲ ಎಂದದ್ದು 9ಕ್ಕೆ. ನಾಲ್ಕಕ್ಕೆ ಮೊದಲಿನವರು ಹೌದು ಎಂದರು, ಎರಡನೆಯವರು ಇಲ್ಲ ಎಂದರು. ಎರಡಕ್ಕೆ ಅದರ ತಿರುಗುಮುರುಗು. 30ರಲ್ಲಿ 24 ಹೊಂದಿತು, ಶೇಕಡಾ 80.

ಆದರೆ ಮೊದಲಿನವರು ಒಟ್ಟು 19 ಸಲ, ಎರಡನೆಯವರು 17 ಸಲ ಹೌದು ಎಂದಿದ್ದಾರೆ. ಸುದ್ದಿಯನ್ನು ಓದದೆಯೇ ಅಷ್ಟಷ್ಟು ಸಲ ಹೌದು ಎಂದಿದ್ದರೂ ಕೆಲವು ಆಕಸ್ಮಿಕವಾಗಿ ಹೊಂದುತ್ತಿದ್ದವು. ಆ ಪಾಲನ್ನು ಕಳೆದು ಉಳಿದದ್ದನ್ನು ನೋಡುವುದೇ ಕೊಹೆನ್ಸ್ ಕಪ್ಪಾ. Po ಅಂದರೆ ನಿಜವಾಗಿ ಹೊಂದಿದ ಪಾಲು, Pe ಅಂದರೆ ಆಕಸ್ಮಿಕವಾಗಿ ಹೊಂದುವ ಪಾಲು. 11 ಮತ್ತು 13 ಇಬ್ಬರೂ ಇಲ್ಲ ಎಂದ ಒಟ್ಟು ಲೆಕ್ಕ, ಕ್ರಮವಾಗಿ:

```
Po = 24/30 = 0.80
Pe = (19*17 + 11*13) / (30*30) = 0.518
kappa = (0.80 - 0.518) / (1 - 0.518) = 0.59
```

80 ಅಂತ ಕಂಡದ್ದು 0.59ಕ್ಕೆ ಇಳಿಯಿತು. ವಿಷಯ ವಿಶ್ಲೇಷಣೆಯಲ್ಲಿ 0.80 ಅಥವಾ ಅದಕ್ಕಿಂತ ಮೇಲಿದ್ದರೆ ಒಳ್ಳೆಯದು, ಸುಮಾರು 0.67ಕ್ಕಿಂತ ಕೆಳಗಿದ್ದರೆ ಆ ಕಾಲಂ ಮೇಲೆ ತೀರ್ಮಾನ ಕಟ್ಟಬಾರದು ಎಂಬುದು ರೂಢಿ. 0.59 ಬಂದರೆ ಹೊಂದದ ಆರು ಸುದ್ದಿಗಳನ್ನು ಮುಂದಿಟ್ಟುಕೊಂಡು ಕೂರಿ. ಯಾರು ಸರಿ ಎಂದು ವಾದ ಮಾಡಬೇಡಿ, ಯಾವ ನಿಯಮ ಇಲ್ಲ ಎಂದು ಹುಡುಕಿ. ಬಹುಪಾಲು ಒಂದೆರಡು ಕಾರಣಕ್ಕೇ ಎಲ್ಲವೂ ತಪ್ಪಿರುತ್ತವೆ. 'ಜಲಮಂಡಳಿ ಸ್ಪಷ್ಟಪಡಿಸಿದೆ' ಎಂಬಲ್ಲಿ ಸಂಸ್ಥೆಯೇ ಮಾತಾಡಿದೆ. ಅದನ್ನು 3 ಅನ್ನಬೇಕೇ ಎಂದು ನಾವು ಎಲ್ಲೂ ಬರೆದಿಲ್ಲ, ಅಲ್ವಾ? ಬರೆಯಿರಿ: ಮಾತಿನ ಕ್ರಿಯಾಪದ ಇದ್ದರೆ ಸಂಸ್ಥೆಯೂ ಮೂಲ, ಕೋಡ್ 3, ಹೆಸರು 0. ಆಮೇಲೆ ಬೇರೆ 30 ಸುದ್ದಿ ತೆಗೆದುಕೊಂಡು ಮತ್ತೆ ಪರೀಕ್ಷೆ ಮಾಡಿ. ಹಳೆಯ ಸುದ್ದಿಗಳ ಮೇಲೆಯೇ ಮಾಡಿದರೆ ಉತ್ತರ ಮೊದಲೇ ನೆನಪಿರುತ್ತದೆ.

ನಿಜವಾದ ಮಾದರಿಯಲ್ಲೂ ಹತ್ತರಲ್ಲಿ ಒಂದು ಸುದ್ದಿಯನ್ನಾದರೂ ಇಬ್ಬರೂ ಕೋಡ್ ಮಾಡಿ, ಆ ಕಪ್ಪಾವನ್ನು ವರದಿಯಲ್ಲಿ ಕೊಡಿ. ಪೂರ್ತಿ ಹನ್ನೊಂದು ಕೋಡ್‌ಗಳ ಮೇಲೂ ಲೆಕ್ಕ ಮಾಡಿ, ಹೌದು-ಇಲ್ಲ ಮಾತ್ರ ಸಾಲದು. ಮಾತಾಡಿ ಸರಿಮಾಡಿಕೊಂಡ ಮೇಲಿನ ಅಂಕಿ ಕೊಡಬೇಡಿ, ಮೊದಲಿನದನ್ನೇ ಕೊಡಿ. ಒಬ್ಬರೇ ಮಾಡುತ್ತಿದ್ದರೆ ಎರಡು ವಾರ ಬಿಟ್ಟು ನೀವೇ ಮತ್ತೆ ಕೋಡ್ ಮಾಡಬಹುದು. ಆದರೆ ನಿಮಗೆ ನೀವು ಹೊಂದುತ್ತೀರಿ ಎಂದಷ್ಟೇ ಅದು ತೋರಿಸುತ್ತದೆ. ಒಬ್ಬ ಸಹಪಾಠಿಗೆ ಕಾಫಿ ಕೊಡಿಸಿ 30 ಸುದ್ದಿ ಮಾಡಿಸಿಕೊಳ್ಳಿ, ಅದು ಹೆಚ್ಚು ಬೆಲೆಯದ್ದು.

ಎಣಿಕೆ ಮತ್ತು ಬರವಣಿಗೆ

ಎಣಿಸಲು ಸ್ಪ್ರೆಡ್‌ಶೀಟ್ ಸಾಕು. 'ಎ' ಪತ್ರಿಕೆಯಲ್ಲಿ ಹೆಸರಿಲ್ಲದ ನಿವಾಸಿ ಮೊದಲ ಮೂಲ ಆಗಿರುವ ಸುದ್ದಿಗಳು:

```
=COUNTIFS(B:B,"A",E:E,5,F:F,0)
```

ಇದೇ ಸೂತ್ರವನ್ನು 3ಕ್ಕೂ ಹಾಕಿ, 6ಕ್ಕೂ ಹಾಕಿ, ಹೆಸರು 1 ಇದ್ದದ್ದಕ್ಕೂ ಹಾಕಿ. ನನಗೆ ಇಡೀ ಕೆಲಸದಲ್ಲಿ ಅತಿ ಕುತೂಹಲ ಇರುವುದು ಈ ಕೋಷ್ಟಕದ ಮೇಲೆ. ನಿವಾಸಿಗಳು ಎಷ್ಟು ಸಲ ಮಾತಾಡಿದರು ಎಂಬುದು ಒಂದು ಪ್ರಶ್ನೆ. ಮಾತಾಡಿದಾಗ ಒಬ್ಬ ವ್ಯಕ್ತಿಯಾಗಿ ಮಾತಾಡಿದರೇ ಅಥವಾ 'ಸ್ಥಳೀಯರು' ಎಂಬ ಗುಂಪಾಗಿಯೇ ಎಂಬುದು ಬೇರೆ ಪ್ರಶ್ನೆ. ಮೊದಲನೆಯದನ್ನು ಮಾತ್ರ ಎಣಿಸಿದರೆ ಪತ್ರಿಕೆ ಜನರಿಗೆ ಜಾಗ ಕೊಟ್ಟಂತೆ ಕಾಣಬಹುದು. ಎರಡನ್ನೂ ಸೇರಿಸಿದರೆ ಚಿತ್ರ ಬೇರೆಯೇ ಇರಬಹುದು.

ಶೇಕಡಾ ಬರೆಯುವಾಗ ಕೆಳಗಿನ ಸಂಖ್ಯೆ ಪ್ರತಿ ಸಲ ಹೇಳಿ. ಒಂದು ಅರ್ಧದಲ್ಲಿ ಬರೀ 7 ಸುದ್ದಿ ಇದ್ದರೆ ಶೇಕಡಾ ಬೇಡ, '7ರಲ್ಲಿ 3' ಅಂತಲೇ ಬರೆಯಿರಿ. 17ರ ನಂತರ ನೀರಿನ ಸುದ್ದಿಗಳೇ ಕಡಿಮೆಯಾದರೆ ಅದನ್ನೂ ಬರೆಯಿರಿ. ಪಾಲು ಮಾತ್ರ ನೋಡಿದರೆ ಅದು ಕಾಣುವುದಿಲ್ಲ.

ಈ ಎಣಿಕೆಯಿಂದ ಎಷ್ಟು ಹೇಳಬಹುದು ಎಂಬುದನ್ನು ನಿಮ್ಮ ವಾಕ್ಯಗಳಲ್ಲೇ ಪರೀಕ್ಷಿಸಿ. "ಪತ್ರಿಕೆ ಜನರನ್ನು ಕಡೆಗಣಿಸಿತು" ಎಂಬುದು ಪತ್ರಿಕೆಯ ಮನಸ್ಸಿನ ಮಾತು. ಕೋಡಿಂಗ್ ಹಾಳೆಯಲ್ಲಿ ಅದಿಲ್ಲ. ವರದಿಗಾರರಿಗೆ ಸಮಯ ಇರಲಿಲ್ಲವೋ, ನಿವಾಸಿಗಳೇ ಹೆಸರು ಬೇಡ ಎಂದರೋ ನಿಮಗೆ ಗೊತ್ತಾಗುವುದು ಅವರನ್ನೇ ಕೇಳಿದರೆ ಮಾತ್ರ. ಚುನಾವಣೆಯಿಂದಲೇ ಬದಲಾಯಿತು ಎಂದೂ ಬರೆಯುವಂತಿಲ್ಲ, ಆ ಎರಡು ವಾರದಲ್ಲಿ ಬೇರೆ ಸಂಗತಿಗಳೂ ನಡೆದವು. "ಮಾರ್ಚ್ 3ರಿಂದ 30ರವರೆಗಿನ ಮಾದರಿಯಲ್ಲಿ, ನಿವಾಸಿಗಳು ಮೊದಲ ಮೂಲ ಆಗಿದ್ದ ಇಷ್ಟು ಸುದ್ದಿಗಳ ಪೈಕಿ ಇಷ್ಟರಲ್ಲಿ ಅವರ ಹೆಸರು ಅಚ್ಚಾಗಿಲ್ಲ" ಎಂದು ಬರೆಯಿರಿ. ಅದರ ಪಕ್ಕದಲ್ಲೇ ಅಧಿಕಾರಿಗಳ ಅದೇ ಅಂಕಿ ಇಡಿ. ಕೋಡ್‌ಬುಕ್ಕನ್ನು, ನಡುವೆ ಬದಲಿಸಿದ ನಿಯಮಗಳನ್ನು ಬದಲಿಸಿದ ದಿನಾಂಕದ ಸಮೇತ, ಅನುಬಂಧದಲ್ಲಿ ಸೇರಿಸಿ ಕೊಡಿ.